ಎರಗುವ ಗಳಿಗೆ: ಹೈ ಪ್ರೆಸ್‌ನಲ್ಲಿ ತಂಡ ಯಾವಾಗ ಮುನ್ನುಗ್ಗುತ್ತದೆ?

2018ರ ಜೂನ್ 21. ರಷ್ಯಾದ ನಿಜ್ನಿ ನವ್‌ಗೊರೊದ್‌ನಲ್ಲಿ ಅರ್ಜೆಂಟೀನಾ ಮತ್ತು ಕ್ರೊವೇಷಿಯಾ ನಡುವಿನ ವಿಶ್ವಕಪ್ ಪಂದ್ಯ. ನಮ್ಮಲ್ಲಿ ಆಗಲೇ ನಡುರಾತ್ರಿ ದಾಟಿತ್ತು. ಮೆಸ್ಸಿಗಾಗಿ ನಿದ್ದೆಗೆಟ್ಟು ಕೂತಿದ್ದವರು ಆ 53ನೇ ನಿಮಿಷವನ್ನು ಮರೆತಿರಲಾರರು. ಅರ್ಜೆಂಟೀನಾದ ಡಿಫೆಂಡರ್ ಮೆರ್ಕಾಡೊ ಚೆಂಡನ್ನು ತಮ್ಮದೇ ಗೋಲ್‌ಕೀಪರ್ ಕಬಯೆರೊಗೆ ಹಿಂದಿರುಗಿಸಿದರು. ಕ್ರೊವೇಷಿಯಾದ ಆಂಟೆ ರೆಬಿಚ್ ಆ ಚೆಂಡಿನ ಹಿಂದೆಯೇ ಓಡಿದರು. ಮೈಮೇಲೆ ಬರುತ್ತಿದ್ದ ರೆಬಿಚ್ ತಲೆಯ ಮೇಲಿಂದ ಚೆಂಡನ್ನು ಮೆಲ್ಲಗೆ ಎತ್ತಿ ಮೆರ್ಕಾಡೊಗೇ ವಾಪಸ್ ಕೊಡಲು ಕಬಯೆರೊ ನೋಡಿದರು. ಒದೆ ಸರಿಯಾಗಿ ಕೂರಲಿಲ್ಲ. ಅರ್ಧ ಎತ್ತರಕ್ಕೆ ಏರಿದ ಚೆಂಡನ್ನು ರೆಬಿಚ್ ನೆಲ ಮುಟ್ಟಲು ಬಿಡದೆ ಒದ್ದು ಗೋಲಿಗೆ ಸೇರಿಸಿದರು. ಪಂದ್ಯ ಕೊನೆಗೆ 3–0.

ಮರುದಿನ ಎಲ್ಲರ ಬಾಯಲ್ಲೂ ಕಬಯೆರೊ ಮಾಡಿದ ತಪ್ಪಿನದೇ ಮಾತು. ತಪ್ಪೇನೋ ಹೌದು. ಆದರೆ ರೆಬಿಚ್ ಹದಿನೈದು ಮೀಟರ್ ದೂರದಲ್ಲಿ ಸುಮ್ಮನೆ ನಿಂತಿದ್ದರೆ ಕೀಪರ್ ಅಂಥ ಒದೆಗೆ ಕೈ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ. ಹಾಗಾದರೆ ರೆಬಿಚ್ ಆ ಕ್ಷಣಕ್ಕೇ ಓಡಿದ್ದು ಏಕೆ? ಅದಕ್ಕೂ ಮೊದಲು ಅರ್ಜೆಂಟೀನಾದವರ ಕಾಲಲ್ಲಿ ಎಷ್ಟೋ ಸಲ ಚೆಂಡು ಇತ್ತಲ್ಲ, ಆಗೆಲ್ಲ ಓಡದೆ ಇದ್ದದ್ದು ಏಕೆ? ಕಾಮೆಂಟರಿಯಲ್ಲಿ ಈಗ ಪದೇ ಪದೇ ಕೇಳಿಬರುವ ‘ಪ್ರೆಸಿಂಗ್ ಟ್ರಿಗರ್’ ಎಂಬ ಮಾತಿನಲ್ಲಿ ಇದಕ್ಕೆ ಉತ್ತರವಿದೆ.

## ಪ್ರೆಸ್ ಅಂದರೇನು, ಟ್ರಿಗರ್ ಅಂದರೇನು

ಚೆಂಡು ಎದುರಾಳಿಯ ಬಳಿ ಇದ್ದಾಗ ಒಂದು ತಂಡಕ್ಕೆ ಎರಡು ದಾರಿ. ತನ್ನ ಗೋಲಿನ ಮುಂದೆ ಗೋಡೆ ಕಟ್ಟಿ ಅವರು ಬರಲಿ ಎಂದು ಕಾಯಬಹುದು. ಇಲ್ಲವೆ ಮುಂದಕ್ಕೆ ಹೋಗಿ, ಚೆಂಡು ಹಿಡಿದವನಿಗೆ ಯೋಚಿಸಲು ಸಮಯ ಕೊಡದೆ ಮುತ್ತಬಹುದು. ಹೀಗೆ ಮುತ್ತುವುದೇ ಪ್ರೆಸ್. ಇದನ್ನು ಎದುರಾಳಿಯ ಗೋಲಿನ ಹತ್ತಿರ, ಅವರು ಹಿಂದಿನಿಂದ ಆಟ ಕಟ್ಟಲು ಶುರು ಮಾಡುವ ಜಾಗದಲ್ಲೇ ಮಾಡಿದರೆ ಹೈ ಪ್ರೆಸ್.

ಆದರೆ ಮೈದಾನ ಸುಮಾರು 105 ಮೀಟರ್ ಉದ್ದ, 68 ಮೀಟರ್ ಅಗಲ. ಅಷ್ಟು ಜಾಗದಲ್ಲಿ ಹತ್ತು ಜನ 90 ನಿಮಿಷವೂ ಚೆಂಡಿನ ಹಿಂದೆ ಓಡುತ್ತಿದ್ದರೆ ಅರ್ಧ ಗಂಟೆಗೇ ಉಸಿರು ಕಟ್ಟುತ್ತದೆ. ಅದಕ್ಕೆ ಹೈ ಪ್ರೆಸ್ ಆಡುವ ತಂಡ ಬಹುಪಾಲು ಹೊತ್ತು ಓಡುವುದೇ ಇಲ್ಲ. ಹೊಂಚು ಹಾಕಿ ನಿಂತಿರುತ್ತದೆ, ಒಂದು ಸುಳಿವು ಕಂಡ ಕೂಡಲೇ ಎಲ್ಲರೂ ಒಟ್ಟಿಗೆ ಎರಗುತ್ತಾರೆ. ಆ ಸುಳಿವೇ ಟ್ರಿಗರ್. ‘ಇಂಥದ್ದು ಕಂಡರೆ ಹೊರಡೋಣ’ ಎಂದು ತಂಡದವರು ಮೊದಲೇ ಆಡಿಕೊಂಡ ಒಪ್ಪಂದ ಅದು.

ಹಟ್ಟಿಯಲ್ಲಿ ತಪ್ಪಿಸಿಕೊಂಡ ಕೋಳಿ ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಳದ ನಡುವೆ ಇರುವಾಗ ಓಡಿಸಿದರೆ ಕೋಳಿ ನಾಲ್ಕೂ ದಿಕ್ಕಿಗೆ ನುಸುಳುತ್ತದೆ. ಅದು ತಾನಾಗಿ ಗೋಡೆ ಮೂಲೆಯ ಕಡೆ ತಿರುಗುವವರೆಗೆ ಇಬ್ಬರು ಮೂವರು ಮೆಲ್ಲಗೆ ಸರಿದು ದಾರಿ ಕಟ್ಟುತ್ತಾರೆ. ಮೂಲೆಗೆ ಕಾಲಿಟ್ಟಾಗ ಮಾತ್ರ ಒಬ್ಬ ಎರಗುತ್ತಾನೆ.

## ಚೆಂಡು ದಾರಿಯಲ್ಲಿರುವ ಹೊತ್ತು

ಟ್ರಿಗರ್ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಡಿಫೆಂಡರ್‌ಗಳ ಸಾಲಿನ ನಡುವೆ ಆಡುವ ಸೆಂಟರ್ ಬ್ಯಾಕ್ ಒಬ್ಬ ಅದೇ ಸಾಲಿನ ಅಂಚಿನಲ್ಲಿರುವ ಫುಲ್‌ಬ್ಯಾಕ್‌ಗೆ 22 ಮೀಟರ್ ಉದ್ದದ ಪಾಸ್ ಕೊಡುತ್ತಾನೆ ಎಂದುಕೊಳ್ಳಿ. ಚೆಂಡು ಸೆಕೆಂಡಿಗೆ ಸರಾಸರಿ 12 ಮೀಟರ್ ಉರುಳಿದರೆ ತಲುಪಲು ಸುಮಾರು 1.8 ಸೆಕೆಂಡು ಬೇಕು. ಅಷ್ಟು ಹೊತ್ತು ಚೆಂಡು ಯಾರ ಸೊತ್ತೂ ಅಲ್ಲ. ಕೊಟ್ಟವನು ಮನಸ್ಸು ಬದಲಿಸಲಾರ, ಪಡೆಯುವವನು ಇನ್ನೂ ಏನೂ ಮಾಡಲಾರ. ಪ್ರೆಸ್ ಮಾಡುವವನಿಗೆ ಪುಕ್ಕಟೆಯಾಗಿ ಸಿಗುವ ಸಮಯ ಅದೊಂದೇ.

ಫುಲ್‌ಬ್ಯಾಕ್‌ನಿಂದ 12 ಮೀಟರ್ ದೂರದಲ್ಲಿರುವ, ಎದುರಾಳಿ ತಂಡದ ಮುಂದಿನ ಸಾಲಿನ ಅಂಚಿನಲ್ಲಿ ಆಡುವ ವಿಂಗರ್, ಪಾಸ್ ಕಾಲು ಬಿಟ್ಟ ಕ್ಷಣಕ್ಕೇ ಹೊರಟನೆನ್ನಿ. ಆ 1.8 ಸೆಕೆಂಡಿನಲ್ಲಿ ಆತ ಒಂಬತ್ತು ಹತ್ತು ಮೀಟರ್ ಕ್ರಮಿಸಿರುತ್ತಾನೆ. ಫುಲ್‌ಬ್ಯಾಕ್ ಚೆಂಡನ್ನು ಮುಟ್ಟಿ ತಲೆ ಎತ್ತುವಾಗ ಎರಡು ಮೂರು ಮೀಟರ್ ಅಂತರದಲ್ಲಿ ಎದುರಾಳಿ ನಿಂತಿರುತ್ತಾನೆ. ಅದೇ ವಿಂಗರ್ ‘ಚೆಂಡು ಅವನ ಕಾಲಿಗೆ ಬರಲಿ, ಆಮೇಲೆ ನೋಡೋಣ’ ಎಂದು ಕಾದರೆ 12 ಮೀಟರ್ ಹಾಗೇ ಉಳಿಯುತ್ತದೆ. ಫುಲ್‌ಬ್ಯಾಕ್ ಆರಾಮಾಗಿ ಚೆಂಡು ನಿಲ್ಲಿಸಿ, ಸುತ್ತ ನೋಡಿ, ಬೇಕಾದವನಿಗೆ ಕೊಡಬಲ್ಲ. ಎರಡೂ ಸಲ ಓಟದ ವೇಗ ಒಂದೇ. ಬೇರೆಯಾದದ್ದು ಹೊರಟ ಹೊತ್ತು ಮಾತ್ರ.

ಹೀಗಾಗಿ ನಿಧಾನವಾಗಿ ಉರುಳುವ ಪಾಸ್, ನೆಲದಿಂದ ಪುಟಿಯುತ್ತ ಬರುವ ಪಾಸ್, ಗಾಳಿಯಲ್ಲಿ ತೇಲುವ ಪಾಸ್ ಎಲ್ಲವೂ ತಾವಾಗಿಯೇ ಟ್ರಿಗರ್. ಮೊದಲನೆಯದು ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಉಳಿದೆರಡನ್ನು ಹತೋಟಿಗೆ ತರಲು ಪಡೆಯುವವನಿಗೆ ಇನ್ನೊಂದು ಸ್ಪರ್ಶ ಹೆಚ್ಚು ಬೇಕು.

## ಬೆನ್ನು, ಗೆರೆ, ಹಿಂದಕ್ಕೆ ಹೋದ ಚೆಂಡು

ಕೋಚ್‌ಗಳು ಹೇಳಿಕೊಡುವ ಸುಳಿವುಗಳ ಪಟ್ಟಿ ಉದ್ದವಿದೆ. ಪಂದ್ಯ ನೋಡುವವರು ಮೂರನ್ನು ತಿಳಿದುಕೊಂಡರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಮೊದಲನೆಯದು ಹಿಂದಕ್ಕೆ ಹೋದ ಪಾಸ್. ಚೆಂಡು ಹಿಂದೆ ಹೋದಾಗ ಅದನ್ನು ಪಡೆಯುವವನ ಮುಂದೆ ಎದುರಾಳಿಗಳು, ಬೆನ್ನ ಹಿಂದೆ ಗೋಲ್ ಮಾತ್ರ. ಪ್ರೆಸ್ ಮಾಡುವ ತಂಡಕ್ಕೋ ಇಡೀ ಸಾಲನ್ನೇ ಮುಂದೆ ತರಲು ಸಮಯ ಸಿಗುತ್ತದೆ, ಏಕೆಂದರೆ ಆ ಕ್ಷಣದಲ್ಲಿ ಯಾರೂ ಅವರ ಬೆನ್ನ ಹಿಂದೆ ಚೆಂಡು ಎಸೆಯಲಾರರು. ಗೋಲ್‌ಕೀಪರ್‌ಗೇ ಹಿಂದಿರುಗಿಸಿದರೆ ಇನ್ನೂ ಒಳ್ಳೆಯದು. ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂಬ ನಿಯಮ 1992ರಲ್ಲಿ ಬಂತು. ಅಲ್ಲಿಂದಾಚೆ ಕೀಪರ್ ಕೂಡ ಕಾಲಲ್ಲೇ ಆಡಬೇಕಾದ ಒಬ್ಬ ಆಟಗಾರ, ಅದೂ ತಪ್ಪಿದರೆ ಹಿಂದೆ ಕಾಯಲು ಯಾರೂ ಇಲ್ಲದವನು. ರೆಬಿಚ್ ಓಡಿದ್ದು ಇದನ್ನು ಕಂಡೇ.

ಎರಡನೆಯದು ಅಂಚುಗೆರೆಯ ಪಕ್ಕಕ್ಕೆ ಹೋದ ಪಾಸ್. ಮೈದಾನದ ನಡುವೆ ನಿಂತವನಿಗೆ ಸುತ್ತಲೂ ದಾರಿ. ಗೆರೆಗೆ ಅಂಟಿ ನಿಂತವನಿಗೆ ಅರ್ಧ ವೃತ್ತ ಮಾತ್ರ. ಎಷ್ಟೇ ದಣಿದಿದ್ದರೂ ಗೆರೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ಅದು ಸಂಬಳವಿಲ್ಲದೆ ಆಡುವ ಡಿಫೆಂಡರ್.

ಮೂರನೆಯದು ಪಡೆಯುವವನ ಬೆನ್ನು. ತನ್ನ ಗೋಲಿನ ಕಡೆ ಮುಖ ಮಾಡಿ ಚೆಂಡು ಪಡೆಯುವವನಿಗೆ ಹಿಂದಿನಿಂದ ಬರುವವನು ಕಾಣುವುದಿಲ್ಲ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಬೆಲೊ ಹೊರಿಜೊಂಚೆಯಲ್ಲಿ, ಜರ್ಮನಿ ಬ್ರೆಜಿಲ್‌ಗೆ 7–1 ಬಾರಿಸಿದ್ದು ಗೊತ್ತೇ ಇದೆ. ಅದರ ನಾಲ್ಕನೇ ಗೋಲ್ 26ನೇ ನಿಮಿಷದ್ದು. ಮೂರನೇ ಗೋಲ್ ಆಗಿ, ನಡುವೃತ್ತದಿಂದ ಆಟ ಮತ್ತೆ ಶುರುವಾಗಿ ಇನ್ನೂ ಸ್ವಲ್ಪ ಹೊತ್ತಾಗಿತ್ತಷ್ಟೆ. ತಮ್ಮದೇ ಅರ್ಧದಲ್ಲಿ ಬ್ರೆಜಿಲ್‌ನ ಫೆರ್ನಾಂಡಿನ್ಯೊ ಚೆಂಡು ಪಡೆಯುವಷ್ಟರಲ್ಲಿ ಜರ್ಮನಿಯ ಟೋನಿ ಕ್ರೋಸ್ ಅವರ ಕಾಲಿಂದಲೇ ಅದನ್ನು ಕಸಿದರು, ಖೆದಿರಾಗೆ ಕೊಟ್ಟು ವಾಪಸ್ ಪಡೆದು ಗೋಲ್ ಹೊಡೆದರು. ಕಸಿದ ಜಾಗದಿಂದ ಗೋಲಿನವರೆಗೆ ಬೇಕಾದದ್ದು ಎರಡೇ ಪಾಸ್. ಹೈ ಪ್ರೆಸ್‌ನ ಆಸೆಯೇ ಇದು: ಗೋಲಿಗೆ ಹತ್ತಿರದಲ್ಲಿ, ಎದುರಾಳಿ ಇನ್ನೂ ಹರಡಿ ನಿಂತಿರುವಾಗ ಚೆಂಡು ಸಿಗುವುದು.

## ಸುಳಿವು ಕಂಡಿತು ಅಂದ ಮಾತ್ರಕ್ಕೆ ಹೊರಡುವಂತಿಲ್ಲ

ಇಲ್ಲೇ ಬಹಳ ಜನ ಎಡವುತ್ತಾರೆ. ವಾರದ ಕೊನೆಗೆ ಟರ್ಫ್ ಬಾಡಿಗೆಗೆ ಹಿಡಿದು ಆಡುವ ನಮ್ಮಂಥವರಂತೂ ಪ್ರತಿ ಸಲವೂ ಎಡವುತ್ತೇವೆ. ಟ್ರಿಗರ್ ಎನ್ನುವುದು ಅರ್ಧ ಪ್ರಶ್ನೆಗೆ ಉತ್ತರ: ‘ಅವನು ಕಷ್ಟದಲ್ಲಿದ್ದಾನೆಯೇ?’ ಇನ್ನರ್ಧ ಪ್ರಶ್ನೆ: ‘ನಮ್ಮವರು ಹತ್ತಿರದಲ್ಲಿದ್ದಾರೆಯೇ?’ ಎರಡಕ್ಕೂ ಹೌದು ಎಂದಾಗ ಮಾತ್ರ ಹೊರಡಬೇಕು.

ಕಬಡ್ಡಿ ನೋಡುವವರಿಗೆ ಇದು ಹೊಸದಲ್ಲ. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದಾಗ ಅವನ ತೂಕವೆಲ್ಲ ಒಂದೇ ಕಾಲಿನ ಮೇಲೆ ಇರುತ್ತದೆ. ಹಿಡಿಯಲು ಅದೇ ಗಳಿಗೆ. ಕಾರ್ನರ್‌ನಲ್ಲಿದ್ದವನು ಆ ಕಾಲಿಗೆ ಬಿದ್ದ ಕೂಡಲೇ ಪಕ್ಕದವರು ಬಂದು ಕವಿದರೆ ರೈಡರ್ ಸಿಕ್ಕಿದ. ಪಕ್ಕದವರು ಎರಡು ಹೆಜ್ಜೆ ದೂರ ಇದ್ದರೆ? ಅದೇ ಗಳಿಗೆ, ಅದೇ ಕಾಲು, ಆದರೆ ರೈಡರ್ ಎಳೆದುಕೊಂಡು ಗೆರೆ ಮುಟ್ಟುತ್ತಾನೆ, ಹಿಡಿಯಲು ಹೋದವನು ಔಟ್.

ಫುಟ್‌ಬಾಲ್‌ನಲ್ಲಿ ಈ ‘ಹತ್ತಿರ’ ಎಂಬುದಕ್ಕೆ ಒಂದು ಅಳತೆಯಿದೆ. ಪ್ರೆಸ್‌ಗೆ ಸಿದ್ಧವಾದ ತಂಡದಲ್ಲಿ ಮುಂದಿನ ಸ್ಟ್ರೈಕರ್‌ನಿಂದ ಕೊನೆಯ ಡಿಫೆಂಡರ್‌ವರೆಗಿನ ಅಂತರ ಸಾಮಾನ್ಯವಾಗಿ 35–40 ಮೀಟರ್ ಒಳಗೆ ಇರುತ್ತದೆ. ಅದು 55–60 ಆಗಿದ್ದಾಗ ಸ್ಟ್ರೈಕರ್ ಹೊರಟರೆ ಅವನ ಬೆನ್ನ ಹಿಂದೆ ದೊಡ್ಡ ಬಯಲು. ಒಂದೇ ಪಾಸ್‌ನಲ್ಲಿ ಅವನನ್ನು ದಾಟಿ ಎದುರಾಳಿಯ ಮಿಡ್‌ಫೀಲ್ಡರ್ ಆ ಬಯಲಿನಲ್ಲಿ ತಿರುಗಿ ನಿಲ್ಲುತ್ತಾನೆ. ಹಾಗಾಗಿ ತಮ್ಮ ಗೋಲಿನ ಮುಂದೆ ಬಹಳ ಹೊತ್ತು ಕಾದು ಆಗಷ್ಟೇ ಚೆಂಡು ಒದ್ದು ದೂರ ಕಳಿಸಿದ ತಂಡ, ಎದುರಾಳಿ ಕೀಪರ್‌ಗೆ ಚೆಂಡು ಹೋದರೂ ಸುಮ್ಮನಿರುವುದುಂಟು. ಸುಳಿವು ಕಂಡಿಲ್ಲ ಎಂದಲ್ಲ, ಸಾಲು ಇನ್ನೂ ಮುಂದೆ ಬಂದಿಲ್ಲ.

## ನಿರ್ಧಾರ ಯಾರದ್ದು?

ಮೈದಾನದಲ್ಲಿ ಮತ ಹಾಕಿ ತೀರ್ಮಾನಿಸಲು ಪುರುಸೊತ್ತಿಲ್ಲ. ನಿರ್ಧಾರದ ಮುಕ್ಕಾಲು ಪಾಲು ಪಂದ್ಯಕ್ಕೆ ಮೊದಲೇ ಆಗಿರುತ್ತದೆ. ಎದುರಾಳಿಯ ಹಿಂದಿನ ಪಂದ್ಯಗಳ ವಿಡಿಯೊ ನೋಡಿ ಕೋಚ್ ಹುಡುಕುವುದು ಇಂಥ ಸಂಗತಿಗಳನ್ನು: ಇಬ್ಬರು ಸೆಂಟರ್ ಬ್ಯಾಕ್‌ಗಳಲ್ಲಿ ಎಡಗಾಲು ಬಾರದವನು ಯಾರು, ಕೀಪರ್ ಒತ್ತಡದಲ್ಲಿ ಯಾವ ಕಡೆ ಒದೆಯುತ್ತಾನೆ, ಯಾವ ಮಿಡ್‌ಫೀಲ್ಡರ್ ಚೆಂಡು ಬರುವ ಮುನ್ನ ಹೆಗಲ ಮೇಲಿಂದ ಹಿಂದೆ ನೋಡುವುದಿಲ್ಲ. ಆಮೇಲೆ ಬೇಕೆಂದೇ ಆ ದುರ್ಬಲ ಆಟಗಾರನನ್ನು ಖಾಲಿ ಬಿಡುತ್ತಾರೆ. ಚೆಂಡು ತನ್ನಿಂದ ತಾನೇ ಅವನ ಕಡೆ ಹೋಗುತ್ತದೆ.

ಉಳಿದ ಕಾಲು ಭಾಗ ಮೊದಲು ಹೊರಡುವವನದು, ಹೆಚ್ಚಾಗಿ ಸ್ಟ್ರೈಕರ್ ಇಲ್ಲವೆ ವಿಂಗರ್. ಅವನು ಹೊರಟದ್ದೇ ಉಳಿದವರಿಗೆ ಟ್ರಿಗರ್. ಅವನು ತಪ್ಪು ಹೊತ್ತಿಗೆ ಹೊರಟಿದ್ದರೂ ಬಹಳಷ್ಟು ಕೋಚ್‌ಗಳು ಉಳಿದವರಿಗೆ ಹೇಳುವುದು ಒಂದೇ: ಹಿಂಬಾಲಿಸಿ. ಹತ್ತೂ ಜನ ಸೇರಿ ಮಾಡಿದ ತಪ್ಪು ಪ್ರೆಸ್‌ಗಿಂತ ಐವರು ಹೋಗಿ ಐವರು ನಿಂತ ಸರಿ ಪ್ರೆಸ್ ಹೆಚ್ಚು ಅಪಾಯ.

ಮೊದಲು ಹೊರಟವನು ನೇರವಾಗಿ ಓಡುವುದಿಲ್ಲ ಎಂಬುದನ್ನು ಗಮನಿಸಿ. ಬಿಲ್ಲಿನ ಹಾಗೆ ಬಾಗಿ ಓಡುತ್ತಾನೆ. ಯೂರ್ಗೆನ್ ಕ್ಲಾಪ್ ಕೋಚ್ ಆಗಿದ್ದ ಕಾಲದ ಲಿವರ್‌ಪೂಲ್‌ನಲ್ಲಿ ವಿಂಗರ್‌ಗಳಾದ ಸಲಾ ಮತ್ತು ಮಾನೆ ಎದುರಾಳಿ ಸೆಂಟರ್ ಬ್ಯಾಕ್ ಮೇಲೆ ಹೊರಗಿನಿಂದ ಒಳಕ್ಕೆ ಬಾಗಿ ಓಡುತ್ತಿದ್ದರು. ಹಾಗೆ ಓಡಿದಾಗ ಹೊರಗಿದ್ದ ಫುಲ್‌ಬ್ಯಾಕ್ ಅವರ ಮೈಯ ನೆರಳಲ್ಲಿ ಮರೆಯಾಗುತ್ತಿದ್ದ. ಚೆಂಡು ಒಳಗಡೆಗೇ, ಲಿವರ್‌ಪೂಲ್‌ನ ಮೂವರು ಮಿಡ್‌ಫೀಲ್ಡರ್‌ಗಳು ಕಾದಿದ್ದ ಕಡೆಗೇ ಹೋಗಬೇಕಿತ್ತು. ಒಬ್ಬನೇ ಇಬ್ಬರನ್ನು ತಡೆಯುವ ಉಪಾಯ ಇದು. ಕೆಲವು ತಂಡಗಳು ಇದಕ್ಕೆ ತದ್ವಿರುದ್ಧವಾಗಿ ಒಳಗಿನಿಂದ ಹೊರಕ್ಕೆ ಓಡಿ ಚೆಂಡನ್ನು ಗೆರೆಯ ಕಡೆ ದಬ್ಬುತ್ತವೆ.

## ಒಂದು ಪ್ರೆಸ್, ಶುರುವಿನಿಂದ ಕೊನೆವರೆಗೆ

ಗೋಲ್‌ಕಿಕ್‌ನಿಂದ ಶುರು ಮಾಡೋಣ. 2019ರವರೆಗೆ ಗೋಲ್‌ಕಿಕ್ ಪೆನಾಲ್ಟಿ ಚೌಕ ದಾಟಿದ ಮೇಲೆ ಮಾತ್ರ ಚೆಂಡು ಆಟಕ್ಕೆ ಬರುತ್ತಿತ್ತು. ಆ ವರ್ಷ ನಿಯಮ ಬದಲಾಗಿ, ಒದ್ದು ಕದಲಿದ ಕೂಡಲೇ ಆಟ ಶುರು ಎಂದಾಯಿತು. ಆಗಿನಿಂದ ಚೌಕದೊಳಗೇ ಡಿಫೆಂಡರ್‌ಗಳು ನಿಂತು ಸಣ್ಣ ಪಾಸ್ ಪಡೆಯುವುದು ಹೆಚ್ಚಾಯಿತು. ಚೆಂಡು ಆಟಕ್ಕೆ ಬರುವವರೆಗೆ ಎದುರಾಳಿ ಚೌಕದ ಹೊರಗೇ ಇರಬೇಕು. ಅಂದರೆ ಪ್ರೆಸ್‌ಗೆ ಓಟದ ಗೆರೆ ಎಳೆದಿಟ್ಟಂತಾಯಿತು.

ಚೆಂಡು ನೀಲಿ ತಂಡದ್ದು, ಪ್ರೆಸ್ ಕೆಂಪು ತಂಡದ್ದು. ನೀಲಿಯ ಎಡಬದಿಯ ಸೆಂಟರ್ ಬ್ಯಾಕ್‌ಗೆ ಎಡಗಾಲು ಅಷ್ಟಕ್ಕಷ್ಟೆ ಎಂದು ಕೆಂಪಿನವರಿಗೆ ಗೊತ್ತು. ಹಾಗಾಗಿ ಕೆಂಪು ಸ್ಟ್ರೈಕರ್ ನೀಲಿಯ ಬಲಬದಿಯ ಸೆಂಟರ್ ಬ್ಯಾಕ್ ಹತ್ತಿರ ನಿಲ್ಲುತ್ತಾನೆ. ಕೀಪರ್ ಕಣ್ಣಿಗೆ ಎಡಬದಿ ಖಾಲಿ ಕಾಣುತ್ತದೆ, ಅಲ್ಲಿಗೇ ಪಾಸ್. ಚೆಂಡು ಕದಲಿದ್ದೇ ಸ್ಟ್ರೈಕರ್ ಬಾಗಿ ಓಡಿ, ಚೆಂಡು ಕೀಪರ್‌ಗೂ ಬಲಬದಿಗೂ ಮರಳದಂತೆ ದಾರಿ ಕಟ್ಟುತ್ತಾನೆ. ಇದಿನ್ನೂ ಎರಗುವಿಕೆ ಅಲ್ಲ, ಕೋಳಿಯನ್ನು ಮೂಲೆಗೆ ತಿರುಗಿಸುವುದು ಅಷ್ಟೆ.

ಸೆಂಟರ್ ಬ್ಯಾಕ್‌ಗೆ ಉಳಿದದ್ದು ಅಂಚಿನಲ್ಲಿರುವ ತನ್ನ ಎಡ ಫುಲ್‌ಬ್ಯಾಕ್. ಬಾರದ ಕಾಲಲ್ಲಿ, ಅವಸರದಲ್ಲಿ ಪಾಸ್ ಕೊಡುತ್ತಾನೆ. ಟ್ರಿಗರ್ ಇದು. ಮೇಲೆ ಲೆಕ್ಕ ಹಾಕಿದ ಆ 1.8 ಸೆಕೆಂಡಿನಲ್ಲಿ ಕೆಂಪು ತಂಡದ ಐದು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಬಲ ವಿಂಗರ್ ಫುಲ್‌ಬ್ಯಾಕ್ ಮೇಲೆ ನುಗ್ಗುತ್ತಾನೆ. ಹತ್ತಿರದ ಮಿಡ್‌ಫೀಲ್ಡರ್ ನೀಲಿಯ ಮಿಡ್‌ಫೀಲ್ಡರ್‌ಗೆ ಅಂಟಿಕೊಳ್ಳುತ್ತಾನೆ. ಸ್ಟ್ರೈಕರ್ ಹಿಂದಿರುಗುವ ದಾರಿಯಲ್ಲಿ ನಿಲ್ಲುತ್ತಾನೆ. ಬಲ ಫುಲ್‌ಬ್ಯಾಕ್ ತನ್ನ ಜಾಗ ಬಿಟ್ಟು ಮುಂದೆ ಬಂದು, ಗೆರೆಯ ಉದ್ದಕ್ಕೆ ಚೆಂಡಿಗಾಗಿ ಕಾದಿರುವ ನೀಲಿಯ ವಿಂಗರ್‌ನನ್ನು ಹಿಡಿಯುತ್ತಾನೆ. ಡಿಫೆಂಡರ್‌ಗಳ ಸಾಲು ನಡುಗೆರೆಯವರೆಗೆ ಏರುತ್ತದೆ.

ಎಲ್ಲರೂ ಈ ಕಡೆ ಸರಿದದ್ದರಿಂದ ಆ ಕಡೆಯ ನೀಲಿ ಫುಲ್‌ಬ್ಯಾಕ್ ಪೂರ್ತಿ ಖಾಲಿ. ಮನೆಯಲ್ಲಿ ಕೂತು ನೋಡುವವರು ‘ಅವನಿಗೆ ಕೊಡೋ!’ ಎಂದು ಕೂಗುವುದು ಇಲ್ಲೇ. ಆದರೆ ಅವನು ಐವತ್ತು ಮೀಟರ್ ಆಚೆ ಇದ್ದಾನೆ. ಅಷ್ಟು ದೂರ ಒದೆಯಲು ಕಾಲು ಹಿಂದಕ್ಕೆ ಬೀಸಬೇಕು, ಅದಕ್ಕೆ ಜಾಗವೂ ಒಂದು ಸೆಕೆಂಡೂ ಬೇಕು. ವಿಂಗರ್ ಓಡಿ ಬಂದು ಕಸಿದದ್ದು ಆ ಒಂದು ಸೆಕೆಂಡನ್ನೇ. ಆ ಕಡೆಯ ಫುಲ್‌ಬ್ಯಾಕ್‌ನನ್ನು ಖಾಲಿ ಬಿಟ್ಟದ್ದು ಮರೆವಿನಿಂದಲ್ಲ, ಲೆಕ್ಕ ಹಾಕಿಯೇ.

ಕೊನೆಗೆ ಏನಾಗುತ್ತದೆ? ಹೆಚ್ಚಿನ ಸಲ ಗೋಲ್ ಆಗುವುದಿಲ್ಲ. ಫುಲ್‌ಬ್ಯಾಕ್ ಚೆಂಡನ್ನು ಗೆರೆಯಾಚೆ ಒದ್ದು ಥ್ರೋ ಬಿಟ್ಟುಕೊಡುತ್ತಾನೆ, ಅಥವಾ ಗುರಿಯಿಲ್ಲದೆ ಮುಂದಕ್ಕೆ ಒದೆಯುತ್ತಾನೆ, ಕೆಂಪು ಡಿಫೆಂಡರ್ ಅದನ್ನು ತಲೆಯಿಂದ ವಾಪಸ್ ಕಳಿಸುತ್ತಾನೆ. ಕೋಚ್ ಲೆಕ್ಕದಲ್ಲಿ ಎರಡೂ ಗೆಲುವೇ.

## ಸುಳಿವೇ ಗಾಳವಾದಾಗ

ಪ್ರೆಸ್ ಎಲ್ಲರಿಗೂ ಬಂದ ಮೇಲೆ ಅದನ್ನೇ ಬಳಸಿಕೊಳ್ಳುವ ತಂಡಗಳೂ ಬಂದವು. 2022ರಿಂದ 2024ರವರೆಗೆ ರಾಬರ್ಟೊ ದೆ ಜೆರ್ಬಿ ಕೋಚ್ ಆಗಿದ್ದ ಇಂಗ್ಲೆಂಡಿನ ಬ್ರೈಟನ್ ತಂಡದಲ್ಲಿ ವಿಚಿತ್ರ ದೃಶ್ಯವೊಂದು ಕಾಣುತ್ತಿತ್ತು. ಸೆಂಟರ್ ಬ್ಯಾಕ್ ತಮ್ಮ ಗೋಲಿನ ಹತ್ತಿರವೇ ಚೆಂಡಿನ ಮೇಲೆ ಅಂಗಾಲಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದ. ಬಸ್ಸಿಗೆ ಕಾಯುವವನ ಹಾಗೆ. ಎದುರಾಳಿ ತಾಳ್ಮೆ ಕಳೆದುಕೊಂಡು ಎರಗಲಿ ಎಂಬುದೇ ಉದ್ದೇಶ. ಒಬ್ಬ ಹೊರಟ ಕೂಡಲೇ ಅವನು ಬಿಟ್ಟು ಬಂದ ಜಾಗಕ್ಕೆ ಚೆಂಡು ಹೋಗುತ್ತಿತ್ತು. ಅಲ್ಲಿದ್ದವನು ಒಂದೇ ಸ್ಪರ್ಶದಲ್ಲಿ ಮೂರನೆಯವನಿಗೆ ಕೊಟ್ಟರೆ ಪ್ರೆಸ್ ಮಾಡಿದವರೆಲ್ಲ ಚೆಂಡಿನ ಹಿಂದೆ ಉಳಿಯುತ್ತಿದ್ದರು.

ಗಮನಿಸಿ, ನಿಂತ ಚೆಂಡಿನಲ್ಲಿ ನಾವು ಹೇಳಿದ ಯಾವ ಸುಳಿವೂ ಇಲ್ಲ. ಚೆಂಡು ದಾರಿಯಲ್ಲಿಲ್ಲ, ಆಟಗಾರನ ಮುಖ ಮುಂದಕ್ಕಿದೆ, ತಲೆ ಎತ್ತಿದೆ. ಅಲ್ಲಿಗೆ ಓಡುವುದು ಟ್ರಿಗರ್ ಇಲ್ಲದ ಪ್ರೆಸ್. ಎದುರಾಳಿಗಳು ಕ್ರಮೇಣ ಓಡುವುದನ್ನು ಬಿಟ್ಟು ಎದುರು ನಿಂತು ನೋಡುತ್ತ ಕಾಯತೊಡಗಿದರು. ಇಬ್ಬರೂ ಕಾಯುತ್ತ ನಿಂತ ಆ ನಿಮಿಷಗಳು ನೋಡುವವರಿಗೆ ಸ್ವಲ್ಪ ಬೇಸರವೇ.

ಇನ್ನೊಂದು ಅಪಾಯ ಬೆನ್ನ ಹಿಂದಿನ ಬಯಲು. ಎದುರಾಳಿ ಡಿಫೆಂಡರ್‌ಗಳ ಸಾಲಿನಾಚೆ ಮೊದಲೇ ನಿಂತವನು ಪಾಸ್ ಪಡೆಯುವಂತಿಲ್ಲ ಎಂಬ ಆಫ್‌ಸೈಡ್ ನಿಯಮ ತನ್ನದೇ ಅರ್ಧದಲ್ಲಿರುವ ಆಟಗಾರನಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಡಿಫೆಂಡರ್‌ಗಳ ಸಾಲು ನಡುಗೆರೆ ದಾಟಿ ಮುಂದೆ ಹೋದರೆ ಆಫ್‌ಸೈಡ್‌ನ ರಕ್ಷಣೆ ಇಲ್ಲ. ಗೋಲ್‌ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗಂತೂ ಎಲ್ಲಿದ್ದರೂ ಆಫ್‌ಸೈಡ್ ಇಲ್ಲ. ಉದ್ದ ಒದೆಯಬಲ್ಲ ಕೀಪರ್ ಎದುರು ಎಲ್ಲರೂ ಮುಂದೆ ಹೋದರೆ, ನಡುಗೆರೆಯಿಂದ ಗೋಲಿನವರೆಗಿನ ಐವತ್ತು ಮೀಟರ್‌ಗೆ ಕಾವಲು ಒಬ್ಬನೇ, ಕೀಪರ್. 2014ರಲ್ಲಿ ಅಲ್ಜೀರಿಯಾ ವಿರುದ್ಧ ಜರ್ಮನಿಯ ಮ್ಯಾನುಯೆಲ್ ನಾಯರ್ ಮತ್ತೆ ಮತ್ತೆ ಪೆನಾಲ್ಟಿ ಚೌಕ ಬಿಟ್ಟು ಓಡಿ ಬಂದು ಚೆಂಡು ತಡೆದದ್ದು ಈ ಬಯಲನ್ನು ಕಾಯಲು.

## ಟಿವಿಯಲ್ಲಿ ಗುರುತಿಸುವುದು ಹೇಗೆ

ಮೊದಲು ಓಡುವವನನ್ನು ನೋಡಬೇಡಿ, ಅವನನ್ನು ಕ್ಯಾಮೆರಾವೇ ತೋರಿಸುತ್ತದೆ. ಅವನ ಹಿಂದಿನ ಎರಡನೆಯವನೂ ಮೂರನೆಯವನೂ ಅದೇ ಕ್ಷಣಕ್ಕೆ ಹೊರಟರೇ ನೋಡಿ. ಹೊರಟಿದ್ದರೆ ಅದು ಆಡಿಕೊಂಡ ಪ್ರೆಸ್. ಚೆಂಡು ಪಡೆದವನು ತಲೆ ಎತ್ತುವ ಮುಂಚೆ ಎದುರಾಳಿ ತಲುಪಿದನೇ ಎಂಬುದು ಎರಡನೆಯ ಪರೀಕ್ಷೆ. ತಲುಪದೆ, ಪಾಸ್ ಹೋದ ಮೇಲೆ ಬಂದು ಕಾಲು ಚಾಚಿದರೆ ಹೊರಟದ್ದು ತಡವಾಯಿತು ಎಂದೇ ಅರ್ಥ.

70ನೇ ನಿಮಿಷದ ಆಸುಪಾಸಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿಯವರೆಗೆ ಅರ್ಧ ಸೆಕೆಂಡಿನಲ್ಲಿ ಹೊರಡುತ್ತಿದ್ದವರು ಒಂದು ಸೆಕೆಂಡು ತೆಗೆದುಕೊಳ್ಳತೊಡಗುತ್ತಾರೆ. ಸ್ಟ್ರೈಕರ್ ಎಂದಿನಂತೆ ಬಾಗಿ ಓಡುತ್ತಾನೆ, ಚೆಂಡು ಅವನ ಪಕ್ಕದಿಂದಲೇ ನುಸುಳಿ ನಡುವೆ ಒಂಟಿಯಾಗಿ ನಿಂತ ಮಿಡ್‌ಫೀಲ್ಡರ್‌ಗೆ ಸೇರುತ್ತದೆ. ಆಗ ಸ್ಟ್ರೈಕರ್ ನಿಂತು, ಹಿಂದಕ್ಕೆ ತಿರುಗಿ, ತನ್ನವರ ಕಡೆ ಎರಡೂ ಕೈ ಚಾಚುತ್ತಾನೆ. ಕೆಲವು ನಿಮಿಷಗಳಲ್ಲಿ ಅಂಚುಗೆರೆಯ ಬಳಿ ಸಂಖ್ಯೆಯ ಫಲಕ ಮೇಲೇಳುತ್ತದೆ, ಹೊರಗೆ ಬರುವವನು ಬಹುತೇಕ ಅವನೇ.